ಪಿಒ ಪರೀಕ್ಷೆಯಿಂದ ಕ್ರೆಡಿಟ್, ಟ್ರೆಜರಿ, ರಿಸ್ಕ್‌ವರೆಗೆ: ಬ್ಯಾಂಕ್ ಕೆಲಸದ ದಾರಿ ಹಾಕಿಕೊಳ್ಳುವುದು ಹೇಗೆ?

ಬ್ಯಾಂಕ್ ಪರೀಕ್ಷೆಗೆ ಓದುವವರ ಯೋಜನೆ ಸಾಮಾನ್ಯವಾಗಿ ಆಯ್ಕೆಪಟ್ಟಿಯಲ್ಲಿ ಹೆಸರು ಬರುವಲ್ಲಿಗೆ ಮುಗಿದುಬಿಡುತ್ತದೆ. ಆಮೇಲಿನದು ಬ್ಯಾಂಕಿಗೆ ಬಿಟ್ಟದ್ದು, ಎಲ್ಲಿ ಹಾಕುತ್ತಾರೋ ಅಲ್ಲಿ ಹೋಗುವುದು ಎಂಬ ಲೆಕ್ಕ. ಊರಿನ ಮಟ್ಟಿಗೆ ಅದು ನಿಜವೇ. ಯಾವ ಕೆಲಸ ಕಲಿಯುತ್ತೀರಿ ಎಂಬ ಮಟ್ಟಿಗೆ ಮಾತ್ರ ಅಷ್ಟು ನಿಜವಲ್ಲ. ಸಾಲ ಕೊಡುವ ಕ್ರೆಡಿಟ್, ಬ್ಯಾಂಕಿನ ಹಣವನ್ನು ಮಾರುಕಟ್ಟೆಯಲ್ಲಿ ನೋಡಿಕೊಳ್ಳುವ ಟ್ರೆಜರಿ, ನಷ್ಟದ ಸಾಧ್ಯತೆ ಅಳೆಯುವ ರಿಸ್ಕ್ ಈ ಮೂರು ವಿಭಾಗಗಳಲ್ಲಿ ಯಾವುದಕ್ಕೆ ಹೋಗುವವರಾದರೂ ಮೊದಲ ಐದಾರು ವರ್ಷದಲ್ಲಿ ಸಾಲದ ಕಡತ ಹಿಡಿದಿರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಬರಹದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ. ಇಲ್ಲಿ ಹೇಳುವುದು ಮುಖ್ಯವಾಗಿ ಸರ್ಕಾರಿ ಬ್ಯಾಂಕ್‌ಗಳ ಬಗ್ಗೆ.

ಹಂತ 1: ಯಾವ ಬಾಗಿಲಿನಿಂದ ಒಳಗೆ ಹೋಗುವುದು

ಪದವಿ ಮುಗಿಸಿದವರಿಗೆ ಮೂರು ಬಾಗಿಲುಗಳಿವೆ. ಮೊದಲನೆಯದು ಕ್ಲರ್ಕ್ ಹುದ್ದೆ. ಈಗ ಅದನ್ನು ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಎನ್ನುತ್ತಾರೆ, ಎಸ್‌ಬಿಐನಲ್ಲಿ ಜೂನಿಯರ್ ಅಸೋಸಿಯೇಟ್. ಎರಡನೆಯದು ಪಿಒ, ಅಂದರೆ ನೇರವಾಗಿ ಸ್ಕೇಲ್ 1 ಅಧಿಕಾರಿ. ಮೂರನೆಯದು ಗ್ರಾಮೀಣ ಬ್ಯಾಂಕ್. ಸರ್ಕಾರಿ ವಲಯದ 12 ಬ್ಯಾಂಕ್‌ಗಳಲ್ಲಿ ಎಸ್‌ಬಿಐ ತನ್ನ ಪರೀಕ್ಷೆ ತಾನೇ ನಡೆಸುತ್ತದೆ. ಉಳಿದ 11 ಬ್ಯಾಂಕ್‌ಗಳಿಗೂ ಗ್ರಾಮೀಣ ಬ್ಯಾಂಕ್‌ಗಳಿಗೂ ಐಬಿಪಿಎಸ್ ಪರೀಕ್ಷೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಒಂದು ವಿಷಯ ಗಮನಿಸಬೇಕು. ಐಬಿಪಿಎಸ್ ಕ್ಲರ್ಕ್ ಮತ್ತು ಗ್ರಾಮೀಣ ಬ್ಯಾಂಕ್ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಪಿಒ ಪರೀಕ್ಷೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಾಗೆಂದು ಇಂಗ್ಲಿಷ್ ಹೆದರಿಕೆಯೊಂದಕ್ಕೇ ಪಿಒ ಬಿಟ್ಟು ಕ್ಲರ್ಕ್‌ಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕ್ಲರ್ಕ್ ಆಗಿ ಸೇರಿದವರು ಒಳಗಿನ ಪರೀಕ್ಷೆ ಬರೆದು ಅಧಿಕಾರಿ ಆಗಬಹುದು, ತುಂಬ ಜನ ಆಗಿದ್ದಾರೆ. ಆದರೆ ಅಷ್ಟರಲ್ಲಿ ಕೆಲವು ವರ್ಷ ಹೋಗಿರುತ್ತದೆ, ಆ ವರ್ಷಗಳು ಮುಂದೆ ಮೇಲಿನ ಹುದ್ದೆಗಳ ಲೆಕ್ಕದಲ್ಲಿ ಕಡಿಮೆ ಬೀಳುತ್ತವೆ. ಮನೆಯ ಜವಾಬ್ದಾರಿ ಇದ್ದು ರಾಜ್ಯ ಬಿಡಲಾಗದವರಿಗೆ ಮಾತ್ರ ಕ್ಲರ್ಕ್ ಅಥವಾ ಗ್ರಾಮೀಣ ಬ್ಯಾಂಕ್ ಮೊದಲ ಆಯ್ಕೆಯಾಗಲಿ.

ನಮ್ಮಲ್ಲಿದ್ದ ಎರಡು ಗ್ರಾಮೀಣ ಬ್ಯಾಂಕ್‌ಗಳು 2025ರ ಮೇ 1ರಂದು ಒಂದಾಗಿ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಅಲ್ಲಿ ಅಧಿಕಾರಿಯಾದರೆ ಕೃಷಿ ಸಾಲ, ಸಣ್ಣ ಉದ್ಯಮದ ಸಾಲ ಚೆನ್ನಾಗಿ ಕಲಿಯಬಹುದು, ರಾಜ್ಯವನ್ನೂ ಬಿಡಬೇಕಿಲ್ಲ. ಆದರೆ ವಿದೇಶಿ ವಿನಿಮಯ, ದೊಡ್ಡ ಕಾರ್ಪೊರೇಟ್ ಸಾಲ, ದೊಡ್ಡ ಟ್ರೆಜರಿ ಅಲ್ಲಿ ನಿಮ್ಮ ಕೈಗೆ ಬರುವುದಿಲ್ಲ. ಟ್ರೆಜರಿಯ ಆಸೆ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು.

ಇನ್ನೊಂದು ತಪ್ಪು ಕಲ್ಪನೆ ಇದೆ. ಐಬಿಪಿಎಸ್ ಎಸ್‌ಒ ಪರೀಕ್ಷೆ ಬರೆದರೆ ರಿಸ್ಕ್ ಅಥವಾ ಟ್ರೆಜರಿ ಸಿಗುತ್ತದೆ ಎಂದು ಕೆಲವರು ಅಂದುಕೊಂಡಿರುತ್ತಾರೆ. ಆ ಪರೀಕ್ಷೆ ಐಟಿ, ಕೃಷಿ, ಕಾನೂನು, ಎಚ್‌ಆರ್, ಮಾರ್ಕೆಟಿಂಗ್, ರಾಜಭಾಷೆ ಅಧಿಕಾರಿಗಳಿಗೆ. ಸಿಎ ಅಥವಾ ಫೈನಾನ್ಸ್ ಎಂಬಿಎ ಮಾಡಿದವರನ್ನು ಕ್ರೆಡಿಟ್, ರಿಸ್ಕ್, ಟ್ರೆಜರಿಗೆ ತೆಗೆದುಕೊಳ್ಳಬೇಕಾದಾಗ ಬ್ಯಾಂಕ್‌ಗಳು ತಾವೇ ಪ್ರತ್ಯೇಕ ಜಾಹೀರಾತು ಕೊಡುತ್ತವೆ, ಅನೇಕ ಸಲ ನೇರ ಸ್ಕೇಲ್ 2ಕ್ಕೆ. ಸಿಎ ಆದವರು ಪಿಒ ಪರೀಕ್ಷೆಯ ಗುಂಪಿನಲ್ಲಿ ನುಗ್ಗುವ ಮೊದಲು ಬ್ಯಾಂಕ್‌ಗಳ ವೆಬ್‌ಸೈಟಿನ ನೇಮಕಾತಿ ಪುಟ ನೋಡುತ್ತಿರಲಿ.

ಹಂತ 2: ಪರೀಕ್ಷೆ

ಇದರ ಬಗ್ಗೆ ಕೋಚಿಂಗ್ ಸೆಂಟರ್‌ಗಳು ಬೇಕಾದಷ್ಟು ಹೇಳುತ್ತವೆ, ನಾನು ಎರಡೇ ಮಾತು ಹೇಳುತ್ತೇನೆ. ಪಿಒ ಪ್ರಿಲಿಮ್ಸ್ ನೂರು ಪ್ರಶ್ನೆ, ಒಂದು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಅದರ ಅಂಕ ಮೇನ್ಸ್‌ಗೆ ಹೋಗಲಷ್ಟೇ, ಕೊನೆಯ ಪಟ್ಟಿಗೆ ಲೆಕ್ಕಕ್ಕಿಲ್ಲ. ಐಬಿಪಿಎಸ್ ಪಿಒ ಕೊನೆಯ ಪಟ್ಟಿ ಮೇನ್ಸ್‌ಗೆ 80, ಸಂದರ್ಶನಕ್ಕೆ 20ರ ಪ್ರಮಾಣದಲ್ಲಿ ತಯಾರಾಗುತ್ತದೆ. ಆದರೂ ಹುಡುಗರು ವರ್ಷವಿಡೀ ಪ್ರಿಲಿಮ್ಸ್ ಮಾಕ್ ಟೆಸ್ಟ್ ಹಾಕುತ್ತಾ ಕೂತಿರುತ್ತಾರೆ. ಪ್ರಿಲಿಮ್ಸ್ ಮುಗಿದ ಮೇಲೆ ಮೇನ್ಸ್‌ಗೆ ಸಿಗುವ ದಿನಗಳಲ್ಲಿ ಡೇಟಾ ಇಂಟರ್‌ಪ್ರಿಟೇಷನ್, ಬ್ಯಾಂಕಿಂಗ್ ಅರಿವು, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವುದು ಇಷ್ಟನ್ನೂ ಹೊಸದಾಗಿ ಕಲಿಯಲು ಆಗುವುದಿಲ್ಲ. ಮೊದಲ ದಿನದಿಂದಲೇ ಮೇನ್ಸ್ ಓದಬೇಕು, ಪ್ರಿಲಿಮ್ಸ್‌ಗೆ ವೇಗ ಮಾತ್ರ ಕಡೆಯಲ್ಲಿ ಸೇರಿಸಿಕೊಳ್ಳಬೇಕು.

ಎರಡನೆಯದು, ಬ್ಯಾಂಕ್‌ಗಳ ಆದ್ಯತಾಪಟ್ಟಿ. ಇದನ್ನು ಐದು ನಿಮಿಷದಲ್ಲಿ ತುಂಬಿ ಕೈ ತೊಳೆದುಕೊಳ್ಳುವವರೇ ಹೆಚ್ಚು. 2017ರಿಂದ 2020ರ ನಡುವಿನ ವಿಲೀನಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕ್‌ಗಳು ಹೋದ ಮೇಲೆ ಕರ್ನಾಟಕದಲ್ಲಿ ಪ್ರಧಾನ ಕಚೇರಿ ಇರುವ ಸರ್ಕಾರಿ ಬ್ಯಾಂಕ್ ಎಂದರೆ ಕೆನರಾ ಒಂದೇ. ರಿಸ್ಕ್ ವಿಭಾಗ ಸಾಮಾನ್ಯವಾಗಿ ಪ್ರಧಾನ ಕಚೇರಿಯಲ್ಲೇ ಇರುತ್ತದೆ. ಹಾಗಾಗಿ ಆ ಕಡೆ ಹೋಗಬೇಕು, ಬೆಂಗಳೂರಿನಲ್ಲೂ ಇರಬೇಕು ಎನ್ನುವವರ ಪಟ್ಟಿಯ ತಲೆಯಲ್ಲಿ ಯಾವ ಬ್ಯಾಂಕ್ ಇರಬೇಕು ಎಂದು ಬೇರೆ ಹೇಳಬೇಕಿಲ್ಲ. ಟ್ರೆಜರಿಯ ಮಾತು ಬೇರೆ. ಬಾಂಡ್ ಕೊಳ್ಳುವ, ಮಾರುವ ಕೆಲಸ ನಡೆಯುವ ದೊಡ್ಡ ಬ್ಯಾಂಕ್‌ಗಳ ಮುಖ್ಯ ಡೀಲಿಂಗ್ ರೂಮ್ ಬಹುತೇಕ ಮುಂಬೈಯಲ್ಲಿದೆ, ಬ್ಯಾಂಕ್ ಯಾವುದಾದರೂ ಗಂಟುಮೂಟೆ ಆ ಕಡೆಗೇ.

ಹಂತ 3: ಪ್ರೊಬೇಷನ್ ಮತ್ತು ಮೆಟ್ಟಿಲುಗಳ ಲೆಕ್ಕ

ಸ್ಕೇಲ್ 1 ಸಹಾಯಕ ವ್ಯವಸ್ಥಾಪಕ. ಆಮೇಲೆ 2 ಮತ್ತು 3 ಮಧ್ಯಮ ದರ್ಜೆ, 4 ಚೀಫ್ ಮ್ಯಾನೇಜರ್, 5 ಎಜಿಎಂ, 6 ಡಿಜಿಎಂ, 7 ಜನರಲ್ ಮ್ಯಾನೇಜರ್. ದೊಡ್ಡ ಬ್ಯಾಂಕ್‌ಗಳಲ್ಲಿ ಅದರ ಮೇಲೆ ಸಿಜಿಎಂ. ಎಸ್‌ಬಿಐನಲ್ಲಿ ಹೆಸರುಗಳು ಸ್ವಲ್ಪ ಅದಲುಬದಲು, ಆದ್ದರಿಂದ ಬ್ಯಾಂಕಿನವರು ಹುದ್ದೆ ಕೇಳುವುದಿಲ್ಲ, "ಯಾವ ಸ್ಕೇಲು?" ಎಂದೇ ಕೇಳುತ್ತಾರೆ. 2024ರ ಮಾರ್ಚ್‌ನಲ್ಲಿ ಸಹಿಯಾದ ಒಪ್ಪಂದದಂತೆ ಸ್ಕೇಲ್ 1ರ ಮೂಲ ವೇತನ 48,480 ರೂಪಾಯಿಯಿಂದ, ಸ್ಕೇಲ್ 2ರದು 64,820ರಿಂದ, ಸ್ಕೇಲ್ 3ರದು 85,920ರಿಂದ ಶುರು. ತುಟ್ಟಿಭತ್ಯೆ ಮೊದಲಾದವು ಬೇರೆ.

ಪ್ರಮೋಷನ್ ತನ್ನಷ್ಟಕ್ಕೆ ಬರುವುದಿಲ್ಲ. ಖಾಲಿ ಹುದ್ದೆ ಇರಬೇಕು, ಪರೀಕ್ಷೆ ಅಥವಾ ಸಂದರ್ಶನ ದಾಟಬೇಕು, ವಾರ್ಷಿಕ ಮೌಲ್ಯಮಾಪನದ ಅಂಕ ಚೆನ್ನಾಗಿರಬೇಕು. ಒಂದು ಮೆಟ್ಟಿಲಿಗೆ ಸರಾಸರಿ ನಾಲ್ಕು ವರ್ಷ ಹಿಡಿದುಕೊಳ್ಳಿ. ಸ್ಕೇಲ್ 1ರಿಂದ 7ಕ್ಕೆ ಆರು ಮೆಟ್ಟಿಲು, ಅಂದರೆ 24 ವರ್ಷ. 23ಕ್ಕೆ ಸೇರಿದವರು ಎಲ್ಲಿಯೂ ಎಡವದಿದ್ದರೆ 47ಕ್ಕೆ ಜಿಎಂ, 30ಕ್ಕೆ ಸೇರಿದವರು 54ಕ್ಕೆ. ನಿವೃತ್ತಿ 60ಕ್ಕೆ. ಕಾರ್ಯನಿರ್ವಾಹಕ ನಿರ್ದೇಶಕರ ಹುದ್ದೆಗೆ ಹೆಸರು ಪರಿಗಣನೆಗೆ ಬರಬೇಕಾದರೆ ಮೇಲಿನ ದರ್ಜೆಯಲ್ಲಿ ಸೇವೆಯೂ ಆಗಿರಬೇಕು, ಮುಂದೆ ವರ್ಷಗಳೂ ಉಳಿದಿರಬೇಕು. ಇದು ಎಲ್ಲರ ಗುರಿಯಾಗಬೇಕಿಲ್ಲ. ಸ್ಕೇಲ್ 3ರ ಪ್ರಮೋಷನ್ ಬಂದಾಗ ಹೊರರಾಜ್ಯದ ವರ್ಗಾವಣೆ ಬೇಡವೆಂದು, ಮಕ್ಕಳ ಓದು, ವಯಸ್ಸಾದ ಅಪ್ಪ ಅಮ್ಮ ನೋಡಿಕೊಂಡು ಅಲ್ಲೇ ನಿಂತವರನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಆದರೆ ಆ ತೀರ್ಮಾನವನ್ನು ಆದೇಶ ಕೈಗೆ ಬಂದ ರಾತ್ರಿ ತೆಗೆದುಕೊಳ್ಳಬಾರದು.

ಪ್ರೊಬೇಷನ್ ಸಾಮಾನ್ಯವಾಗಿ ಎರಡು ವರ್ಷ. ಈ ಅವಧಿಯಲ್ಲಿ ಎರಡು ಕೆಲಸ ಮಾಡಿಕೊಳ್ಳಿ. ಒಂದು, ಬ್ಯಾಂಕ್ ಸಿಬ್ಬಂದಿಗೆಂದು ಐಐಬಿಎಫ್ ಸಂಸ್ಥೆ ನಡೆಸುವ ಜೆಎಐಐಬಿ ಪರೀಕ್ಷೆ ಮುಗಿಸುವುದು. ನಾಲ್ಕು ಪತ್ರಿಕೆ, ವರ್ಷಕ್ಕೆ ಎರಡು ಸಲ ಪರೀಕ್ಷೆ, ಪಾಸಾದರೆ ಇನ್‌ಕ್ರಿಮೆಂಟ್. ಮುಂದಿನ ಸಿಎಐಐಬಿಯಲ್ಲಿ ನಾಲ್ಕು ಕಡ್ಡಾಯ ಪತ್ರಿಕೆಗಳ ಜೊತೆಗೆ ಒಂದು ಐಚ್ಛಿಕ ಇರುತ್ತದೆ. ರಿಸ್ಕ್ ಕಡೆ ಹೋಗುವವರು ಅಲ್ಲೇ ರಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದುಕೊಳ್ಳಬಹುದು. ಮದುವೆ, ಮಕ್ಕಳು, ಬ್ರಾಂಚ್ ಜವಾಬ್ದಾರಿ ಎಲ್ಲ ಸೇರಿದ ಮೇಲೆ ಈ ಪರೀಕ್ಷೆಗಳು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇರುತ್ತವೆ.

ಎರಡನೆಯದು, ಸಾಲದ ಮೇಜು ಕೇಳಿ ಪಡೆಯುವುದು. ಬ್ರಾಂಚ್‌ನಲ್ಲಿ ಹೊಸ ಪಿಒ ಎಂದರೆ ಕ್ಯಾಶ್ ಪಾಸಿಂಗ್, ಖಾತೆ ತೆರೆಯುವುದು, ಕೆವೈಸಿ, ವಿಮೆ ಮಾರಾಟದ ಗುರಿ ಇಷ್ಟರಲ್ಲೇ ದಿನ ಹೋಗುತ್ತದೆ. ಮ್ಯಾನೇಜರ್‌ಗೆ ಕೌಂಟರ್ ನಡೆಯಬೇಕು, ಅವರನ್ನು ದೂರಿ ಪ್ರಯೋಜನವಿಲ್ಲ. "ಸರ್, ಈ ವಾರದ ಒಂದು ಎಂಎಸ್‌ಎಂಇ ಪ್ರಪೋಸಲ್ ನಾನು ತಯಾರು ಮಾಡಲಾ? ಸಂಜೆ ಕೂತು ಮಾಡ್ತೀನಿ" ಎಂದು ಕೇಳಿದರೆ ಬೇಡ ಎನ್ನುವ ಮ್ಯಾನೇಜರ್ ಅಪರೂಪ. ವರ್ಗಾವಣೆಯ ಕೋರಿಕೆ ಕೊಡುವಾಗ ಬರೀ ಊರಿನ ಹೆಸರು ಬರೆಯದೆ, ಸಾಲ ಸಂಸ್ಕರಣಾ ಕೇಂದ್ರ ಎಂದೂ ಬರೆಯಿರಿ. ಈಗ ಹೆಚ್ಚಿನ ಬ್ಯಾಂಕ್‌ಗಳಲ್ಲಿ ಚಿಲ್ಲರೆ ಸಾಲ, ಎಂಎಸ್‌ಎಂಇ ಸಾಲಗಳ ಪರಿಶೀಲನೆ ಬ್ರಾಂಚ್ ಬಿಟ್ಟು ಇಂಥ ಕೇಂದ್ರಗಳಿಗೆ ಹೋಗಿದೆ.

ಹಂತ 4: ಒಂದು ಕಡತವನ್ನು ಪೂರ್ತಿ ಓದುವುದು

ಕ್ರೆಡಿಟ್ ಕೆಲಸ ಎಂದರೆ ಏನೆಂದು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಅಂಕಿಗಳು ಅಭ್ಯಾಸಕ್ಕೆಂದು ಇಟ್ಟವು. ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯವರು ದುಡಿಯುವ ಬಂಡವಾಳಕ್ಕೆ 80 ಲಕ್ಷ ರೂಪಾಯಿ ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಮತ್ತೆ ತುಂಬುವ ಸಾಲ, ಕೇಳುತ್ತಾರೆ. ಮುಂದಿನ ವರ್ಷ 4 ಕೋಟಿ ವಹಿವಾಟು ಮಾಡುತ್ತೇವೆ ಎನ್ನುತ್ತಾರೆ.

ಸಣ್ಣ ಉದ್ಯಮಗಳಿಗೆ ನಾಯಕ್ ಸಮಿತಿಯ ವಹಿವಾಟು ವಿಧಾನ ಬಳಕೆಯಲ್ಲಿದೆ. ಅಂದಾಜು ವಹಿವಾಟಿನ 25 ಶೇಕಡಾ ದುಡಿಯುವ ಬಂಡವಾಳ ಬೇಕು ಎಂದು ಹಿಡಿದು, ಅದರಲ್ಲಿ ವಹಿವಾಟಿನ 20 ಶೇಕಡಾ ಬ್ಯಾಂಕ್ ಕೊಡುವುದು, 5 ಶೇಕಡಾ ಮಾಲೀಕರು ಹಾಕುವುದು. 4 ಕೋಟಿಯ 20 ಶೇಕಡಾ 80 ಲಕ್ಷ. ಕೇಳಿದ್ದಕ್ಕೂ ಲೆಕ್ಕಕ್ಕೂ ಸರಿಯಾಗಿ ಹೊಂದಿತು. ಹೊಸ ಅಧಿಕಾರಿ ಇಲ್ಲಿಗೆ ಪೆನ್ನು ಮುಚ್ಚುತ್ತಾನೆ. ಗಿರಣಿಯ ಲೆಕ್ಕಪರಿಶೋಧಕರಿಗೂ ಈ ಸೂತ್ರ ಗೊತ್ತು, 80 ಲಕ್ಷ ಬರುವಂತೆ 4 ಕೋಟಿ ಬರೆದಿದ್ದಾರೆ ಎಂಬುದು ಅವನಿಗೆ ಹೊಳೆಯುವುದಿಲ್ಲ.

ಜಿಎಸ್‌ಟಿ ರಿಟರ್ನ್ ತೆಗೆದು ನೋಡಿದರೆ ಹೋದ ವರ್ಷದ ಮಾರಾಟ 2.6 ಕೋಟಿ. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಏರಿಕೆ ಹೇಗೆ? ಹೊಸ ಯಂತ್ರ ಬಂದಿದೆಯೇ, ಇನ್ನೊಂದು ಪಾಳಿ ಶುರುವಾಗಿದೆಯೇ, ಖರೀದಿದಾರರ ಪತ್ರ ಇದೆಯೇ? ಗಿರಣಿಗೆ ಹೋಗಿ ವಿದ್ಯುತ್ ಬಿಲ್ ಕೇಳಿ. ಭತ್ತ ಹೆಚ್ಚು ಮಿಲ್ ಮಾಡಿದರೆ ಯೂನಿಟ್ ಹೆಚ್ಚು ಬರಲೇಬೇಕು. ಏನೂ ಬದಲಾಗಿಲ್ಲವಾದರೆ 25 ಶೇಕಡಾ ಏರಿಕೆ ಒಪ್ಪಿ 3.25 ಕೋಟಿ ಹಿಡಿಯಬಹುದು. ಆಗ ಮಿತಿ 65 ಲಕ್ಷ, ಮಾಲೀಕರು ಹಾಕಬೇಕಾದದ್ದು 16.25 ಲಕ್ಷ. ಬ್ಯಾಲೆನ್ಸ್ ಶೀಟಿನಲ್ಲಿ ಚಾಲ್ತಿ ಆಸ್ತಿ 90 ಲಕ್ಷ, ಚಾಲ್ತಿ ಹೊಣೆ 75 ಲಕ್ಷ, ವ್ಯತ್ಯಾಸ 15 ಲಕ್ಷ, ಮಾಲೀಕರು ಈಗ ಹಾಕಿರುವುದು ಅಷ್ಟೇ. ಅಂದರೆ ಮಾಲೀಕರು ಇನ್ನೂ 1.25 ಲಕ್ಷ ತರಬೇಕು. ತಂದ ಮೇಲೇ ಮಿತಿ ಬಿಡುಗಡೆ ಎಂಬ ಷರತ್ತು ಮಂಜೂರಾತಿ ಪತ್ರದಲ್ಲಿ ಇರಬೇಕು.

ಮಿತಿ 65 ಲಕ್ಷ ಎಂದ ಮಾತ್ರಕ್ಕೆ 65 ಲಕ್ಷ ತೆಗೆಯಲು ಬಿಡುವುದಲ್ಲ. ಪ್ರತಿ ತಿಂಗಳು ಎಷ್ಟು ತೆಗೆಯಬಹುದು ಎಂಬ ಡ್ರಾಯಿಂಗ್ ಪವರ್ ಲೆಕ್ಕ ಹಾಕಬೇಕು. ದಾಸ್ತಾನು 60 ಲಕ್ಷ, ಅದರಲ್ಲಿ ಸಾಲ ತಂದ ಭತ್ತ 15 ಲಕ್ಷ ಕಳೆದರೆ 45 ಲಕ್ಷ, 25 ಶೇಕಡಾ ಮಾರ್ಜಿನ್ ಬಿಟ್ಟು 33.75 ಲಕ್ಷ. ಬರಬೇಕಾದ ಬಾಕಿ 30 ಲಕ್ಷ, 40 ಶೇಕಡಾ ಮಾರ್ಜಿನ್ ಬಿಟ್ಟು 18 ಲಕ್ಷ. ಆ ತಿಂಗಳು ತೆಗೆಯಬಹುದಾದದ್ದು 51.75 ಲಕ್ಷ ಮಾತ್ರ. ಮಾರ್ಜಿನ್ ಎಷ್ಟು ಎಂಬುದು ಮಂಜೂರಾತಿಯ ಪ್ರಕಾರ ಬದಲಾಗುತ್ತದೆ, ವಿಧಾನ ಇದೇ.

ಸಾಲ ಹಾಳಾಗುವುದು ಗಿರಣಿಯವರು ಪ್ರತಿ ತಿಂಗಳು ಕೊಡುವ ಈ ದಾಸ್ತಾನು ಪಟ್ಟಿಯಲ್ಲಿ ಮೊದಲು ಕಾಣುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಬರುವುದು ಸುಗ್ಗಿಯ ಹೊತ್ತಿಗೆ. ಗಿರಣಿಯ ದಾಸ್ತಾನು ಆಗ ಉಬ್ಬಿ ಆಮೇಲೆ ಇಳಿಯಬೇಕು. ಹನ್ನೆರಡು ತಿಂಗಳೂ ದಾಸ್ತಾನು 60 ಲಕ್ಷವೇ ಇದ್ದರೆ ಅದು ಗೋದಾಮಿನಲ್ಲಿರುವ ಭತ್ತವಲ್ಲ, ಕಾಗದದ ಮೇಲಿನ ಭತ್ತ. ಇನ್ನೊಂದು ಗುರುತು, ಖಾತೆಗೆ ಜಮಾ ಆಗುವ ಹಣಕ್ಕೂ ಜಿಎಸ್‌ಟಿ ಮಾರಾಟಕ್ಕೂ ಹೊಂದದಿರುವುದು. ಮಾರಾಟದ ಹಣ ಬೇರೆ ಬ್ಯಾಂಕಿಗೆ ಹೋಗುತ್ತಿದೆಯೇ ಎಂಬ ಅನುಮಾನ ಬರಬೇಕು. ಇವೆಲ್ಲ ಆದ ಮೇಲೆ ಕ್ಯಾಶ್ ಕ್ರೆಡಿಟ್ ಖಾತೆ ಮಿತಿ ಮೀರಿ 30 ದಿನ ದಾಟಿದರೆ ಎಸ್‌ಎಂಎ 1, 60 ದಾಟಿದರೆ ಎಸ್‌ಎಂಎ 2 ಎಂದು ಎಚ್ಚರಿಕೆಯ ಪಟ್ಟಿಗೆ ಸೇರುತ್ತದೆ, 90 ದಿನ ದಾಟಿದರೆ ಎನ್‌ಪಿಎ.

ಕ್ರೆಡಿಟ್ ಮಾಡುವವರು ಹೆದರುವುದು ಸ್ಟಾಫ್ ಅಕೌಂಟಬಿಲಿಟಿಗೆ. ಖಾತೆ ಎನ್‌ಪಿಎ ಆದಾಗ ಯಾರು ಶಿಫಾರಸು ಮಾಡಿದರು, ಯಾರು ಸ್ಥಳ ಪರಿಶೀಲಿಸಿದರು ಎಂದು ಕಡತ ತೆರೆಯುತ್ತಾರೆ. ಈ ಹೆದರಿಕೆಗೆ ಸಾಲದ ಕೆಲಸವನ್ನೇ ಬಿಡುವವರಿದ್ದಾರೆ. ಸಾಲ ಮುಳುಗಿದ್ದಕ್ಕೆ ಮಾತ್ರ ಯಾರನ್ನೂ ತಪ್ಪಿತಸ್ಥರೆಂದು ಮಾಡಲಾಗದು, ನಿಯಮ ಪಾಲಿಸಿದ್ದರ ದಾಖಲೆ ಇಲ್ಲದಿರುವುದೇ ಸಿಕ್ಕಿಹಾಕಿಸುತ್ತದೆ. ಹಾಗಾಗಿ ಗಿರಣಿಗೆ ಹೋದ ದಿನವೇ ತಪಾಸಣಾ ವರದಿ ಬರೆಯಿರಿ, ಏನು ಕಂಡಿತು, ಯಾರ ಜೊತೆ ಮಾತಾಡಿದೆ ಎಂದು. ಒಂದು ತಿಂಗಳ ಮೇಲೆ ನೆನಪಿನಿಂದ ಬರೆದದ್ದು ಓದಿದವರಿಗೆ ಗೊತ್ತಾಗಿಬಿಡುತ್ತದೆ.

ಹಂತ 5: ಇಲ್ಲಿಂದ ಮೂರು ದಾರಿ

ಸ್ಕೇಲ್ 2ಕ್ಕೆ ಬಂದು ಇಂಥ ಕಡತಗಳನ್ನು ಒಂದಷ್ಟು ನೋಡಿದ ಮೇಲೆ ದಾರಿ ಆರಿಸಿಕೊಳ್ಳುವ ಹೊತ್ತು. ರಿಸರ್ವ್ ಬ್ಯಾಂಕ್ 2016ರಲ್ಲಿ ಟ್ರೆಜರಿ, ರಿಸ್ಕ್, ಲೆಕ್ಕಪತ್ರ, ಕ್ರೆಡಿಟ್ ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ಅರ್ಹತಾ ಪ್ರಮಾಣಪತ್ರ ಇರುವಂತೆ ನೋಡಿಕೊಳ್ಳಿ ಎಂದು ಬ್ಯಾಂಕ್‌ಗಳಿಗೆ ಸೂಚಿಸಿತು. ಐಐಬಿಎಫ್‌ನಲ್ಲಿ ಸರ್ಟಿಫೈಡ್ ಕ್ರೆಡಿಟ್ ಪ್ರೊಫೆಷನಲ್, ಸರ್ಟಿಫೈಡ್ ಟ್ರೆಜರಿ ಪ್ರೊಫೆಷನಲ್, ರಿಸ್ಕ್ ಇನ್ ಫೈನಾನ್ಷಿಯಲ್ ಸರ್ವಿಸಸ್ ಎಂಬ ಕೋರ್ಸ್‌ಗಳಿವೆ. ಪ್ರಮಾಣಪತ್ರ ಮೊದಲು, ಕೋರಿಕೆ ಆಮೇಲೆ. ಪ್ರಧಾನ ಕಚೇರಿ ಆಸಕ್ತರ ಅರ್ಜಿ ಕರೆದಾಗ ಸುತ್ತೋಲೆಗೆ ಉತ್ತರಿಸಲು ಸಿಗುವುದು ಕೆಲವೇ ದಿನ.

ಕ್ರೆಡಿಟ್‌ನಲ್ಲೇ ಮುಂದುವರಿದರೆ ಗಿರಣಿಯಿಂದ ಮಧ್ಯಮ ಉದ್ಯಮಕ್ಕೆ, ಅಲ್ಲಿಂದ ಕಾರ್ಪೊರೇಟ್ ಶಾಖೆಗೆ. ಅಲ್ಲಿ ವಹಿವಾಟು ವಿಧಾನ ನಡೆಯುವುದಿಲ್ಲ. ನಗದು ಹರಿವು, ಗುಂಪಿನ ಬೇರೆ ಕಂಪನಿಗಳ ಸಾಲ, ಬ್ಯಾಂಕ್‌ಗಳ ಒಕ್ಕೂಟ, ಒಪ್ಪಂದದ ಷರತ್ತುಗಳು ಮುಖ್ಯ. ಸ್ಕೇಲ್ 4ರಿಂದ ಮೇಲಕ್ಕೆ ಹೋಗಲು ಈ ದಾರಿಯೇ ಅತಿ ಅಗಲ, ಏಕೆಂದರೆ ಪ್ರತಿ ವಲಯ ಕಚೇರಿಗೂ ಕ್ರೆಡಿಟ್ ಬಲ್ಲವರು ಬೇಕು.

ಟ್ರೆಜರಿ ಬ್ಯಾಂಕಿನ ಹಣವನ್ನೇ ಮಾರುಕಟ್ಟೆಯಲ್ಲಿ ನೋಡಿಕೊಳ್ಳುವ ಜಾಗ. ಸಾಲ ಕೊಟ್ಟು ಉಳಿದ ಠೇವಣಿಯ ದೊಡ್ಡ ಪಾಲು ಸರ್ಕಾರಿ ಬಾಂಡ್‌ಗಳಲ್ಲಿರುತ್ತದೆ, ಎಸ್‌ಎಲ್‌ಆರ್ ಎಂದು ಕಡ್ಡಾಯವಾಗಿ ಇಡಬೇಕಾದದ್ದೂ ಅಲ್ಲೇ. 7 ಶೇಕಡಾ ಬಡ್ಡಿಯ ಹತ್ತು ವರ್ಷದ ಬಾಂಡ್ 100 ಕೋಟಿಗೆ ಇದೆ ಎಂದುಕೊಳ್ಳಿ. ಮಾರುಕಟ್ಟೆಯಲ್ಲಿ ಇಳುವರಿ ಕಾಲು ಶೇಕಡಾ ಏರಿದರೆ ಅದರ ಬೆಲೆ ಸುಮಾರು 1.75 ಕೋಟಿ ಇಳಿಯುತ್ತದೆ. ಅದೇ ಬಾಂಡ್ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳುವ ವರ್ಗದಲ್ಲಿದ್ದರೆ ಈ ಇಳಿಕೆ ಲೆಕ್ಕಕ್ಕೆ ಬರುವುದಿಲ್ಲ, ವ್ಯಾಪಾರದ ವರ್ಗದಲ್ಲಿದ್ದರೆ ನೇರ ಲಾಭನಷ್ಟ ಖಾತೆಗೆ ಬೀಳುತ್ತದೆ. ಕೊಳ್ಳುವ ದಿನವೇ ಯಾವ ವರ್ಗ ಎಂದು ತೀರ್ಮಾನಿಸಬೇಕು.

ಡೀಲರ್ ಆಗುವುದೊಂದೇ ಟ್ರೆಜರಿ ಎಂದು ತಿಳಿಯಬೇಡಿ. ವ್ಯವಹಾರ ಮಾಡುವ ಫ್ರಂಟ್ ಆಫೀಸ್, ಮಿತಿ ಮೀರದಂತೆ ಕಾಯುವ ಮಿಡ್ ಆಫೀಸ್, ಲೆಕ್ಕ ಚುಕ್ತಾ ಮಾಡುವ ಬ್ಯಾಕ್ ಆಫೀಸ್ ಬೇರೆ ಬೇರೆ ಇರುತ್ತವೆ, ಒಬ್ಬರೇ ಎರಡು ಕಡೆ ಕೂರುವಂತಿಲ್ಲ. ಹೊಸಬರಿಗೆ ಮೊದಲು ಸಿಗುವುದು ಬ್ಯಾಕ್ ಆಫೀಸ್. ಅದನ್ನು ಬೇಡವೆನ್ನಬೇಡಿ, ಒಂದು ಡೀಲ್ ಎಲ್ಲಿ ಎಡವುತ್ತದೆ ಎಂದು ಅಲ್ಲಿ ಕಂಡಷ್ಟು ಬೇರೆಲ್ಲೂ ಕಾಣುವುದಿಲ್ಲ. ವಿದೇಶಿ ವಿನಿಮಯ ಶಾಖೆಯಲ್ಲಿ ಕೆಲಸ ಮಾಡಿದ್ದು, ವಿದೇಶಿ ವಿನಿಮಯ ವ್ಯವಹಾರ ಮಾಡುವ ಬ್ಯಾಂಕ್‌ಗಳ ಸಂಘವಾದ ಫೆಡೈ ಜೊತೆ ಐಐಬಿಎಫ್ ಕೊಡುವ ಫಾರೆಕ್ಸ್ ಪ್ರಮಾಣಪತ್ರ ಪಡೆದದ್ದು ಒಳಗೆ ಹೋಗಲು ಅನುಕೂಲ. ಕುರ್ಚಿಗಳು ಕಡಿಮೆ ಎಂಬುದು ಮಾತ್ರ ನೆನಪಿರಲಿ. ಪ್ರಮೋಷನ್ ಆದಾಗ ಮತ್ತೆ ಯಾವುದೋ ಬ್ರಾಂಚ್‌ಗೆ ಬೀಳುವುದೂ ಉಂಟು, ಅಲ್ಲಿ ಸಾಲ ಗೊತ್ತಿಲ್ಲದವರು ಪರದಾಡುತ್ತಾರೆ.

ರಿಸ್ಕ್‌ನವರು ಅದೇ ಗಿರಣಿಯನ್ನು ಬೇರೆ ಥರ ನೋಡುತ್ತಾರೆ. 65 ಲಕ್ಷದ ಈ ಸಾಲ ಚಿಲ್ಲರೆ ವರ್ಗಕ್ಕೆ ಸೇರಿದರೆ ಅಪಾಯದ ಲೆಕ್ಕಕ್ಕೆ ಹಿಡಿಯುವ ಪಾಲು, ಅಂದರೆ ರಿಸ್ಕ್ ತೂಕ, 75 ಶೇಕಡಾ, ಅದು 48.75 ಲಕ್ಷ. ಅದಕ್ಕೆ 11.5 ಶೇಕಡಾ ಬಂಡವಾಳ ಎಂದರೆ ಬ್ಯಾಂಕ್ ತನ್ನದೇ ಸುಮಾರು 5.6 ಲಕ್ಷ ಎತ್ತಿಡಬೇಕು. ಇಂಥ ರೇಟಿಂಗ್ ಇರುವ ನೂರು ಗಿರಣಿಗಳಲ್ಲಿ ವರ್ಷಕ್ಕೆ ಮೂರು ಮುಳುಗುತ್ತವೆ, ಮುಳುಗಿದಾಗ ನೂರಕ್ಕೆ ನಲವತ್ತು ರೂಪಾಯಿ ವಾಪಸು ಬರುವುದಿಲ್ಲ ಎಂದು ಬ್ಯಾಂಕಿನ ಹಳೆಯ ದಾಖಲೆ ಹೇಳಿದರೆ, ಈ ಒಂದು ಸಾಲದ ಮೇಲೆ ವರ್ಷದ ನಿರೀಕ್ಷಿತ ನಷ್ಟ 78,000 ರೂಪಾಯಿ. ಖರ್ಚೆಲ್ಲ ಕಳೆದು ಬ್ಯಾಂಕಿಗೆ ಉಳಿಯುವ ಬಡ್ಡಿ ಒಂದು ಶೇಕಡಾ, ಅಂದರೆ 65,000 ಮಾತ್ರವಾದರೆ ಬಡ್ಡಿದರ ಸಾಲದು. ಕಡತ ಒಳ್ಳೆಯದೇ ಇರಬಹುದು, ದರ ತಪ್ಪು. ಒಂದೇ ತಾಲ್ಲೂಕಿನಲ್ಲಿ ಬ್ಯಾಂಕ್ ನಲವತ್ತು ಗಿರಣಿಗಳಿಗೆ ಸಾಲ ಕೊಟ್ಟಿದ್ದರಂತೂ ಕಾಲುವೆಗೆ ನೀರು ಬಿಡದ ಒಂದು ವರ್ಷಕ್ಕೆ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ಒಂದೇ ಕಡೆ ಎಷ್ಟು ಸಾಲ ಎಂಬ ಮಿತಿ ಹಾಕುವುದೂ ರಿಸ್ಕ್‌ನವರ ಕೆಲಸ.

ಇಲ್ಲಿಗೆ ಸಂಖ್ಯಾಶಾಸ್ತ್ರ, ಎಕ್ಸೆಲ್‌ನಲ್ಲಿ ಗಟ್ಟಿ ಹಿಡಿತ, ಸಾಧ್ಯವಾದರೆ ಎಸ್‌ಕ್ಯೂಎಲ್ ಅಥವಾ ಪೈಥಾನ್ ಬೇಕು. ರಿಸ್ಕ್ ಕೆಲಸದ ಅಂತರರಾಷ್ಟ್ರೀಯ ಪ್ರಮಾಣಪತ್ರವಾದ ಎಫ್‌ಆರ್‌ಎಂ ಮಾಡಿಕೊಂಡರೆ ಖಾಸಗಿ ಬ್ಯಾಂಕ್‌ಗಳಲ್ಲೂ ಬೆಂಗಳೂರಿನಲ್ಲಿರುವ ವಿದೇಶಿ ಬ್ಯಾಂಕ್‌ಗಳ ಕೇಂದ್ರಗಳಲ್ಲೂ ಅದಕ್ಕೆ ಬೆಲೆ ಇದೆ. ಎಂಜಿನಿಯರಿಂಗ್ ಓದಿ ಪಿಒ ಆದವರಿಗೆ ಈ ದಾರಿ ಹಿಡಿಸುತ್ತದೆ. ಆದರೆ ಒಂದೂ ಗಿರಣಿ ನೋಡದೆ ರಿಸ್ಕ್ ಅಳೆಯುವ ಮಾದರಿ ಕಟ್ಟಲು ಕೂತವರಿಗೆ, ಹನ್ನೆರಡು ತಿಂಗಳೂ ಒಂದೇ ಇರುವ ದಾಸ್ತಾನು "ಸ್ಥಿರವಾದ, ಒಳ್ಳೆಯ ಗ್ರಾಹಕ" ಎಂದು ಕಂಡುಬಿಡುತ್ತದೆ.

ಮೂರರಲ್ಲಿ ಯಾವುದೆಂದು ಇನ್ನೂ ಗೊತ್ತಾಗದಿದ್ದರೆ ಸಿಎಐಐಬಿ ಮುಗಿಸಿ, ಕ್ರೆಡಿಟ್ ಪ್ರಮಾಣಪತ್ರ ಮೊದಲು ಮಾಡಿ, ಮುಂದಿನ ವರ್ಗಾವಣೆಗೆ ಸಾಲ ಸಂಸ್ಕರಣಾ ಕೇಂದ್ರ ಕೇಳಿ. ಹಲವು ಬ್ಯಾಂಕ್‌ಗಳಲ್ಲಿ ಮೇಲಿನ ಸ್ಕೇಲಿಗೆ ಗ್ರಾಮೀಣ ಅಥವಾ ಅರೆನಗರ ಸೇವೆ, ಬ್ರಾಂಚ್ ಮುಖ್ಯಸ್ಥರಾಗಿ ದುಡಿದ ಅನುಭವ ಬೇಕಾಗುತ್ತದೆ. ಅದನ್ನು ಸ್ಕೇಲ್ 1 ಮತ್ತು 2ರಲ್ಲೇ ಮುಗಿಸಿಕೊಂಡರೆ, ಪ್ರಧಾನ ಕಚೇರಿಯ ವಿಭಾಗದಲ್ಲಿ ಕೆಲಸ ಕೈಗೆ ಹತ್ತುವ ಹೊತ್ತಿಗೆ "ನಿಮ್ಮ ಗ್ರಾಮೀಣ ಸೇವೆ ಬಾಕಿ ಇದೆ" ಎಂಬ ಆದೇಶ ಬರುವುದು ತಪ್ಪುತ್ತದೆ. ನಿಮ್ಮ ಬ್ಯಾಂಕಿನ ಪ್ರಮೋಷನ್ ನೀತಿಯ ಪ್ರತಿ ಇಂಟ್ರಾನೆಟ್‌ನಲ್ಲಿರುತ್ತದೆ. ಸೇರಿದ ಮೊದಲ ತಿಂಗಳಲ್ಲೇ ಅದನ್ನು ತೆಗೆದು, ಯಾವ ಸ್ಕೇಲಿಗೆ ಎಷ್ಟು ವರ್ಷ ಎಲ್ಲಿ ಇರಬೇಕು ಎಂಬ ಕಲಂ ಓದಿಕೊಳ್ಳಿ.